1463ನೇ ಬಿಲ್ಲು

ಅಪ್ಪನ ಹೊಲಿಗೆ ಅಂಗಡಿ ಇರುವುದು ಶಿರಸಿಯಲ್ಲಿ, ಬಿಡಕಿಬೈಲಿನ ಸಮೀಪ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಬಂದು ಗದ್ದುಗೆಯ ಮೇಲೆ ಕೂರುವ ಬಯಲು ಅದು. ಜಾತ್ರೆಯ ವರ್ಷ ಬಂತೆಂದರೆ ಸಂಕ್ರಾಂತಿಯಿಂದಲೇ ನಮ್ಮಲ್ಲಿ ಹೊಲಿಗೆ ಯಂತ್ರಕ್ಕೆ ಬಿಡುವಿರುವುದಿಲ್ಲ. ಬಂದ ಗಿರಾಕಿಗಳಲ್ಲಿ ಅರ್ಧ ಜನ ಹೇಳುವುದು ಒಂದೇ ಮಾತು: "ಹಿಂದಿನ ಅಳತೆಯೇ ಸಾಕು ಮಾಸ್ತರೇ." ಆ ಹಿಂದಿನ ಅಳತೆ ಯಾವ ಪುಸ್ತಕದ ಯಾವ ಪುಟದಲ್ಲಿದೆ ಎಂದು ಹುಡುಕುವಷ್ಟರಲ್ಲಿ ಒಂದು ಅಂಗಿ ಕತ್ತರಿಸಿ ಮುಗಿಸಬಹುದು. 2024ರ ಮಾರ್ಚ್ ಜಾತ್ರೆಗೆ ಮೊದಲು ಈ ಹುಡುಕಾಟ ತಪ್ಪಿಸಬೇಕೆಂದು 2023ರ ದೀಪಾವಳಿ ಮುಗಿದ ವಾರ ನಾನು ಕೆಲಸಕ್ಕೆ ಕುಳಿತೆ. ಬಾಕಿ ಹುಡುಕುವ ಯೋಚನೆ ಆಗ ನನಗೂ ಇರಲಿಲ್ಲ, ಅಪ್ಪನಿಗಂತೂ ಇರಲೇ ಇಲ್ಲ.

ಅಟ್ಟದಿಂದ ಇಳಿಸಿದ ಬಿಲ್ ಪುಸ್ತಕಗಳು ಮೂವತ್ತೆಂಟು. 2016ರಿಂದ ಈಚಿನವು, ಪ್ರತಿಯೊಂದರಲ್ಲೂ ನೂರು ಬಿಲ್ಲು. ಮೇಲಿನ ಹಾಳೆ ಗಿರಾಕಿಗೆ, ಕಾರ್ಬನ್ ಪ್ರತಿ ನಮಗೆ. ಪ್ರತಿ ಕಾರ್ಬನ್ ಹಾಳೆಯ ಮೂಲೆಗೆ ಆ ಬಟ್ಟೆಯದೇ ಒಂದು ಬೆರಳಗಲದ ತುಂಡನ್ನು ಅಪ್ಪ ಪಿನ್ ಹೊಡೆದಿಡುತ್ತಾರೆ, ಯಾವ ಬಿಲ್ಲಿಗೆ ಯಾವ ಬಟ್ಟೆ ಎಂದು ತಪ್ಪದಿರಲಿ ಎಂದು. ನಮ್ಮ ಊರಿನ ಮಳೆಗೆ ಪಿನ್ನುಗಳೆಲ್ಲ ತುಕ್ಕು ಹಿಡಿದು ಹಾಳೆಯಲ್ಲಿ ಕಂದು ಕಲೆ ಬಿಟ್ಟಿದ್ದವು. ಕಾರ್ಬನ್ ಅಕ್ಷರ ಮಾಸಿತ್ತು. ಬಟ್ಟೆಯ ತುಂಡಿನ ಬಣ್ಣ ಮಾತ್ರ ಹಾಗೇ ಇತ್ತು.

ರಾತ್ರಿ ಊಟವಾದ ಮೇಲೆ ಕಟಿಂಗ್ ಮೇಜಿನ ಮೇಲೆ ಪುಸ್ತಕ ಬಿಡಿಸಿ, ಮೇಲಿನಿಂದ ಬೆಳಕು ಬೀಳುವಂತೆ ದೀಪ ಇಟ್ಟು, ಮೊಬೈಲಿನಲ್ಲಿ ಒಂದೊಂದೇ ಬಿಲ್ಲಿನ ಫೋಟೋ ತೆಗೆದೆ. ಫೋಟೋಕ್ಕೆ ಬಿಲ್ಲಿನ ಸಂಖ್ಯೆಯನ್ನೇ ಹೆಸರಾಗಿ ಕೊಟ್ಟೆ. ಆಮೇಲೆ ಸ್ಪ್ರೆಡ್‌ಶೀಟಿನಲ್ಲಿ ಒಂದು ಬಿಲ್ಲಿಗೆ ಒಂದು ಸಾಲು: ಸಂಖ್ಯೆ, ದಿನಾಂಕ, ಹೆಸರು, ಬಟ್ಟೆ, ಒಟ್ಟು, ಮುಂಗಡ, ಬಾಕಿ, ಗುರುತು. ರಾತ್ರಿಗೆ ಅರವತ್ತು ಬಿಲ್ಲಿನಂತೆ ಎರಡು ತಿಂಗಳು ಹಿಡಿಯಿತು.

ಮೊದಲ ವಾರದಲ್ಲೇ ಹೆಸರಿನ ತೊಡಕು ಎದುರಾಯಿತು. ಒಬ್ಬರೇ ಮನುಷ್ಯರು ಒಂದು ಬಿಲ್ಲಿನಲ್ಲಿ "ಹೆಗಡೆಕಟ್ಟಾ ಭಟ್ಟರು", ಇನ್ನೊಂದರಲ್ಲಿ "ಭಟ್ಟರು, ಹೆ.ಕಟ್ಟಾ", ಮತ್ತೊಂದರಲ್ಲಿ ಬರೀ "ಪೋಸ್ಟ್ ಭಟ್ಟರು". ಹೆಸರಿನ ಮೇಲೆ ಕೂಡಿಸಿದರೆ ಒಬ್ಬರ ಲೆಕ್ಕ ಮೂರು ಕಡೆ ಹಂಚಿಹೋಗುತ್ತದೆ. ಅಪ್ಪನನ್ನು ಕೇಳಿದಾಗ ಅವರು ಬಿಲ್ಲಿನ ಬಲ ಮೂಲೆಯಲ್ಲಿದ್ದ ಸಣ್ಣ ಅಂಕಿಯ ಮೇಲೆ ಬೆರಳಿಟ್ಟರು. ಅದು ಅಳತೆ ಪುಸ್ತಕದ ಪುಟ. ಹೆಸರು ಹೇಗೇ ಬರೆದಿರಲಿ, ಎದೆ, ಸೊಂಟ, ತೋಳಿನ ಅಳತೆ ಇರುವ ಪುಟ ಒಬ್ಬರಿಗೆ ಒಂದೇ. ಅಂದಿನಿಂದ ಗಿರಾಕಿಯ ಗುರುತು ಹೆಸರಲ್ಲ, ಅಳತೆಯ ಪುಟ ಎಂದಾಯಿತು. ನಲವತ್ತು ವರ್ಷ ಅಂಗಡಿ ನಡೆಸಿದ ಅಪ್ಪ ನನ್ನ ಕಂಪ್ಯೂಟರಿಗೆ ಬೇಕಾದುದನ್ನು ಮೊದಲೇ ಮಾಡಿಟ್ಟಿದ್ದರು ಎಂದು ಅನ್ನಿಸಿದ್ದು ಆಗ.

ಎರಡನೆಯ ತೊಡಕು ಅಂಕಿಗಳದು. ಅಪ್ಪ ಕನ್ನಡ ಅಂಕಿಯಲ್ಲೇ ಬರೆಯುವುದು. ಮಾಸಿದ ಕಾರ್ಬನ್ನಿನಲ್ಲಿ ೬ ಮತ್ತು ೯ ಅವಳಿಗಳಂತೆ ಕಾಣುತ್ತವೆ, ೧ರ ಬಾಯಿ ಮುಚ್ಚಿಕೊಂಡು ೦ ಆಗುತ್ತದೆ. ಅದೃಷ್ಟಕ್ಕೆ ಅಪ್ಪ ಒಟ್ಟು, ಮುಂಗಡ, ಬಾಕಿ ಮೂರನ್ನೂ ಬರೆಯುತ್ತಾರೆ. ಒಟ್ಟಿನಲ್ಲಿ ಮುಂಗಡ ಕಳೆದರೆ ಬಾಕಿ ಬರಬೇಕು, ಬರದಿದ್ದರೆ ನಾನು ಎಲ್ಲೋ ತಪ್ಪು ಓದಿದ್ದೇನೆ. ಹಾಗೆಯೇ ಬಿಲ್ಲಿನ ಸಂಖ್ಯೆ ಅಚ್ಚಾಗಿ ಬಂದದ್ದು, ಒಂದರ ಹಿಂದೆ ಒಂದು ಬರಲೇಬೇಕು. ಹೀಗೆ ಎರಡು ಸೂತ್ರ ಹಾಕಿಟ್ಟೆ. B ಕಾಲಮ್ಮಿನಲ್ಲಿ ಬಿಲ್ಲಿನ ಸಂಖ್ಯೆ, F, G, H ಕಾಲಮ್ಮುಗಳಲ್ಲಿ ಒಟ್ಟು, ಮುಂಗಡ, ಬಾಕಿ.

```
=IF(B3-B2=1,"","ಕೊರತೆ")
=IF(F2-G2=H2,"","ನೋಡು")
```

"ನೋಡು" ಎಂದು ಬಂದ ಸಾಲುಗಳನ್ನು ಫೋಟೋ ಹಿಗ್ಗಿಸಿ ತಿದ್ದಿದೆ. "ಕೊರತೆ" ಎಂದು ಬಂದದ್ದು ಎಂಟು ಕಡೆ. ಏಳನ್ನು ಅಪ್ಪ ನೋಡಿದ ಕೂಡಲೇ ಹೇಳಿದರು: ಇದು ತಪ್ಪು ಬರೆದು ಹರಿದದ್ದು, ಇದು ಮಳೆಗೆ ನೆಂದು ಅಂಟಿಕೊಂಡದ್ದು. ಎಂಟನೆಯದು 1463. ಮುಂದಿನ ಮತ್ತು ಹಿಂದಿನ ಬಿಲ್ಲುಗಳ ದಿನಾಂಕ 2019ರ ಜೂನ್ ಮೊದಲ ವಾರ. ಹೊಲಿಗೆಯ ಬುಡದಲ್ಲಿ ಹಾಳೆ ಹರಿದ ಅಂಚು ನೇರವಾಗಿತ್ತು, ಸ್ಕೇಲು ಇಟ್ಟು ಹರಿದ ಹಾಗೆ. ತಪ್ಪು ಬರೆದ ಹಾಳೆಯನ್ನು ಯಾರೂ ಸ್ಕೇಲು ಇಟ್ಟು ಹರಿಯುವುದಿಲ್ಲ. ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ನೆನಪಿಲ್ಲ ಪುಟ್ಟೀ" ಎಂದರು. ಆ ಸಾಲನ್ನು ಹಳದಿ ಮಾಡಿ ಮುಂದೆ ಹೋದೆ.

ಜನವರಿ ಎರಡನೆಯ ವಾರ ನಮೂದು ಮುಗಿಯಿತು. ಬಾಕಿ ಇದ್ದು, ಹಣ ಬಂದ ಗುರುತಿಲ್ಲದ ಬಿಲ್ಲುಗಳನ್ನು ಸೋಸಿದಾಗ 412 ಸಿಕ್ಕವು. ಮೊತ್ತ ಒಂದು ಲಕ್ಷ ಮೂವತ್ತು ಸಾವಿರ ದಾಟಿತ್ತು. ನಾನು ಅಡುಗೆಮನೆಗೆ ಓಡಿಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಒಲೆ ಆರಿಸಿ ಬಂದು ಪರದೆ ನೋಡಿದರು. ಅಪ್ಪ ಮಾತ್ರ ಕಾಜಾ ಹೊಲಿಯುತ್ತಿದ್ದವರು ತಲೆ ಎತ್ತಲಿಲ್ಲ. "ಅಷ್ಟು ಜನ ನನಗೆ ಕೊಡದೇ ಹೋದವರಲ್ಲ" ಎಂದರು.

ಆ ಮಾತು ನನಗೆ ಆಗ ಅಪ್ಪನ ಸಂಕೋಚವೆಂದು ಕಂಡಿತು. ಮರುದಿನ ಒಂದು ಪುಸ್ತಕ ಹಿಡಿದು ಅವರ ಪಕ್ಕದಲ್ಲಿ ಕುಳಿತಾಗ ತಿಳಿಯಿತು, ಅದು ಲೆಕ್ಕದ ಮಾತು. ಬಿಲ್ಲಿನ ಮೇಲೆ ಓರೆಗೆರೆ ಎಳೆದರೆ ಬಟ್ಟೆ ಕೊಟ್ಟಾಯಿತು ಎಂದು ಅರ್ಥ. "ಬಂ" ಎಂದರೆ ಹಣ ಬಂತು. ಆದರೆ ವರ್ಷಕ್ಕೆ ನಾಲ್ಕು ಸಲ ಬರುವ ಗಿರಾಕಿಗೆ ಅಪ್ಪ "ಬಂ" ಬರೆಯುತ್ತಲೇ ಇರಲಿಲ್ಲ. ಮುಂದಿನ ಬಿಲ್ಲಿನ ಕೊನೆಗೆ "ಹಿಂ. ಬಾ. 240" ಎಂದು ಸೇರಿಸಿ, ಅದರ ಒಟ್ಟನ್ನು ವಸೂಲು ಮಾಡುತ್ತಿದ್ದರು. ನಾನು ಒಂದೇ ಬಾಕಿಯನ್ನು ಎರಡು ಸಲ ಎಣಿಸಿದ್ದೆ. ಅಂಥವೇ 171.

ಇನ್ನು ಅಡಿಕೆಯ ಲೆಕ್ಕ. ತೋಟದ ಮನೆಗಳವರು ವರ್ಷವಿಡೀ ಹೊಲಿಸಿಕೊಂಡು, ಕೊಯ್ಲು ಮುಗಿದು ಅಡಿಕೆ ಮಾರಿದ ಮೇಲೆ ಒಂದೇ ಕಂತಿನಲ್ಲಿ ಕೊಡುತ್ತಾರೆ. ಅದು ಬಿಲ್ ಪುಸ್ತಕಕ್ಕೆ ಬರುವುದಿಲ್ಲ, ಅಪ್ಪನ ಅಂಗಿ ಜೇಬಿನ ಕಿರುಪುಸ್ತಕದಲ್ಲಿರುತ್ತದೆ. ಕ್ಯೂಆರ್ ಫಲಕ ಹಾಕಿದ ಮೇಲೆ ಮೊಬೈಲಿನಿಂದ ಬಂದ ಹಣವೂ ಪುಸ್ತಕದಲ್ಲಿಲ್ಲ, ಬ್ಯಾಂಕಿನ ಲೆಕ್ಕಪಟ್ಟಿಯಲ್ಲಿದೆ. ಬಟ್ಟೆ ಕೊಟ್ಟ ದಿನದ ಹಿಂದೆಮುಂದೆ ಒಂದು ವಾರದಲ್ಲಿ ಅದೇ ಮೊತ್ತ ಜಮೆಯಾಗಿದೆಯೇ ಎಂದು ಒಂದೊಂದಾಗಿ ನೋಡಿದೆ. ಈ ಎರಡರಿಂದ 96 ಬಿಲ್ಲು ಕಳೆದವು. ಒಟ್ಟು, ಬಾಕಿ ಎರಡರಲ್ಲೂ ಅದೇ ೬ನ್ನು ೯ ಎಂದು ಓದಿದ್ದರಿಂದ ಸೂತ್ರಕ್ಕೂ ಸಿಗದ, ಜಮೆಯ ಮೊತ್ತಕ್ಕೂ ಹೊಂದದ ಒಂಬತ್ತು ಬಿಲ್ಲು ಅಂಕಿ ತಿದ್ದಿದ ಮೇಲೆ ಹೋದವು. ಓರೆಗೆರೆಯೇ ಇಲ್ಲದವು 58 ಇದ್ದವು. ಅವುಗಳ ಬಟ್ಟೆ ಹೊಲಿದು ಮಡಚಿಟ್ಟದ್ದು, ಯಾರೂ ಒಯ್ಯಲು ಬಂದಿರಲಿಲ್ಲ. ಅದು ಬಾಕಿಯೇ ಅಲ್ಲ, ನಮ್ಮ ಬಳಿ ಇರುವ ಅವರ ವಸ್ತು.

ಉಳಿದದ್ದು 78. ಅವನ್ನು ಒಂದು ಸಂಜೆ ಅಪ್ಪನಿಗೆ ಓದಿ ಹೇಳಿದೆ. ಅವರು ಕೆಲವಕ್ಕೆ "ಹೂಂ" ಎಂದರು, ಕೆಲವಕ್ಕೆ "ಅದನ್ನು ಬಿಡು". ಸಾಲ್ಕಣಿ ಕಡೆಯ ಒಬ್ಬ ಅಮ್ಮನ ಹೆಸರಲ್ಲಿ ಐದು ರವಿಕೆಯ ಬಾಕಿ ಇತ್ತು, 2017ರಿಂದ. ಅದನ್ನೂ ಬಿಡು ಎಂದರು. ನಾನು ಒಪ್ಪಲಿಲ್ಲ. ಅಪ್ಪ ಎದ್ದು ಹೋಗಿ ಒಳಗಿನಿಂದ ಉಪ್ಪಿನಕಾಯಿ ಭರಣಿ ತಂದು ಮೇಜಿನ ಮೇಲಿಟ್ಟರು. ಪ್ರತಿ ವರ್ಷ ಮಿಡಿಯ ಕಾಲಕ್ಕೆ ಆಕೆ ಬುಟ್ಟಿ ತುಂಬ ಅಪ್ಪೆಮಿಡಿ ತಂದುಕೊಡುತ್ತಾರೆ, ಒಂದು ವರ್ಷವೂ ತಪ್ಪಿಲ್ಲ. "ಪೇಟೆಯಲ್ಲಿ ಅದರ ದರ ಕೇಳು, ಆಮೇಲೆ ಯಾರಿಗೆ ಯಾರು ಬಾಕಿ ಹೇಳು" ಎಂದರು. ಹೀಗೆ 33 ಬಿಲ್ಲು ಹೋದವು. ಅವಕ್ಕೆ ಅಪ್ಪ ಹೇಳಿದ ಕಾರಣವನ್ನು ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಇಲ್ಲದಿದ್ದರೆ ಐದು ವರ್ಷದ ಮೇಲೆ ನಾನೇ ಅವನ್ನು ಮತ್ತೆ ಬಾಕಿಯೆಂದು ತೆಗೆಯುತ್ತೇನೆ. ಕೊನೆಗೆ ನಿಜವಾದ ಬಾಕಿ 45 ಬಿಲ್ಲು.

ಹಳೆಯ ಪುಸ್ತಕ ಹಿಡಿದು ಕೂರುವವರಿಗೆ ನಾನು ಗಟ್ಟಿಯಾಗಿ ಹೇಳುವುದು ಇದನ್ನೇ: ಸೋಸಿ ಬಂದ ಮೊದಲ ಪಟ್ಟಿಯನ್ನು ಹಿಡಿದು ಯಾರಿಗೂ ಫೋನು ಮಾಡಬೇಡಿ. ನಾನು ಮಾಡಿದ್ದರೆ ಹತ್ತರಲ್ಲಿ ಒಂಬತ್ತು ಜನ ಕೊಟ್ಟವರನ್ನೋ ಕೊಡಬೇಕಿಲ್ಲದವರನ್ನೋ ಕೇಳಿದಂತಾಗುತ್ತಿತ್ತು.

ಇನ್ನು 1463. ಬಾಕಿ ಪಟ್ಟಿ ಮಾಡುವುದಕ್ಕೆ ಬಹಳ ಮೊದಲೇ, ಇಪ್ಪತ್ತನೆಯ ಪುಸ್ತಕದ ಫೋಟೋ ತೆಗೆಯುವಾಗ, ಹಿಂಬದಿಯ ರಟ್ಟಿಗೂ ಕೊನೆಯ ಹಾಳೆಗೂ ನಡುವೆ ಒಂದು ಚೆಕ್ ಸಿಕ್ಕಿತ್ತು. ಪಟ್ಟಣದ ಹೊರಗಿನ ಒಂದು ಶಾಲೆಯ ಸಮಿತಿಯ ಖಾತೆಯದು, 23,400 ರೂಪಾಯಿ, ದಿನಾಂಕ 2020ರ ಮಾರ್ಚ್ 18. ಅಪ್ಪನಿಗೆ ತೋರಿಸಿದಾಗ "ಸಮವಸ್ತ್ರದ್ದು, ಆ ಹಣ ಬಂದಿದೆಯಲ್ಲ" ಎಂದರು. ಚೆಕ್ ಕೈಗೆ ಬಂದದ್ದು ಅವರಿಗೆ ಹಣ ಬಂದಂತೆಯೇ ನೆನಪಾಗಿ ಉಳಿದಿತ್ತು. ಆದದ್ದು ಹೀಗೆ: ಜಾತ್ರೆ ಆಗಷ್ಟೇ ಮುಗಿದಿತ್ತು, ಬ್ಯಾಂಕಿಗೆ ನಾಳೆ ಹೋದರಾಯಿತು ಎಂದು ಕೈಯಲ್ಲಿದ್ದ ಪುಸ್ತಕಕ್ಕೆ ಸಿಕ್ಕಿಸಿದರು. ವಾರದೊಳಗೆ ಲಾಕ್‌ಡೌನ್ ಬಂತು, ಅಂಗಡಿ ಮುಚ್ಚಿತು. ತೆರೆದಾಗ ಹೊಸ ಪುಸ್ತಕ ಶುರುವಾಗಿತ್ತು. ಚೆಕ್ಕಿಗೆ ಆಯುಷ್ಯ ಮೂರೇ ತಿಂಗಳು. ಅದು ಜೂನ್ ತಿಂಗಳಲ್ಲೇ ಬರಿಯ ಕಾಗದವಾಗಿತ್ತು.

23,400 ಎಂಬ ಬಾಕಿಯನ್ನು ಹಾಳೆಯಲ್ಲಿ ಹುಡುಕಿದೆ. ಎಲ್ಲಿಯೂ ಇರಲಿಲ್ಲ. ಸಮವಸ್ತ್ರ ಹೊಲಿಯುವುದು ಶಾಲೆ ಶುರುವಾಗುವ ಜೂನ್‌ಗೆ. ಆಗ ಹಳದಿ ಸಾಲು ನೆನಪಾಯಿತು. ಅಳತೆ ಪುಸ್ತಕದಲ್ಲಿ ಶಾಲೆಯ ಪುಟ ತೆಗೆಸಿದೆ. ಅಲ್ಲಿ ತರಗತಿವಾರು ಅರವತ್ತನಾಲ್ಕು ಮಕ್ಕಳ ಅಳತೆ, ಮೂಲೆಯಲ್ಲಿ ಬಿಲ್ಲಿನ ಸಂಖ್ಯೆ 1463, ಕೆಳಗೆ ಒಬ್ಬರು ಮಾಸ್ತರರ ಕೈಯಲ್ಲಿ "64 ಜೊತೆ ತಲುಪಿದೆ", ಸಹಿ, ದಿನಾಂಕ 10-6-2019. ಜೊತೆಗೆ 450ರಂತೆ 28,800. ಮುಂಗಡ 5,400 ಕಳೆದರೆ ಚೆಕ್ಕಿನ ಮೊತ್ತವೇ ಬಂತು. ಪುಟ ನೋಡುತ್ತಲೇ ಅಪ್ಪನಿಗೆ ಎಲ್ಲ ಬಂತು. ಕಡತಕ್ಕೆ ಎರಡು ಪ್ರತಿ ಬೇಕು ಎಂದು ಶಾಲೆಯವರು ಕೇಳಿದ್ದರು. ಅಪ್ಪ ಕಾರ್ಬನ್ ಹಾಳೆಯನ್ನೂ ನೀಟಾಗಿ ಹರಿದು ಕೊಟ್ಟಿದ್ದರು. ನಮ್ಮ ಅತಿ ದೊಡ್ಡ ಬಾಕಿ 412ರ ಪಟ್ಟಿಯಲ್ಲಿ ಇರಲೇ ಇಲ್ಲ, ಅದು ಇದ್ದದ್ದು ಇಲ್ಲದ ಹಾಳೆಯಲ್ಲಿ.

ಶಾಲೆಗೆ ಹೋಗುವ ಮೊದಲು ಪರಿಚಯದ ವಕೀಲರೊಬ್ಬರನ್ನು ಕಂಡೆ. ಮಾಡಿಕೊಟ್ಟ ಕೆಲಸದ ಕೂಲಿಗೆ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆ ಕೊಡುವುದು ಮೂರು ವರ್ಷ, ಕೆಲಸ ಮುಗಿದ ದಿನದಿಂದ. ಆ ಲೆಕ್ಕಕ್ಕೆ ಅವಧಿ 2022ರ ಜೂನ್‌ಗೇ ಮುಗಿಯಬೇಕು. ಆದರೆ ಕೋವಿಡ್ ಕಾರಣಕ್ಕೆ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಕಾಲವನ್ನು ಎಣಿಸಬಾರದೆಂದು ಸುಪ್ರೀಂ ಕೋರ್ಟ್ ಆದೇಶಿಸಿತ್ತು. ಅದನ್ನು ಬಿಟ್ಟು ಎಣಿಸಿದರೆ ನಮಗೆ 2024ರ ಮೇ ಕೊನೆಯ ವಾರದವರೆಗೆ ಸಮಯ. "ಅಷ್ಟರೊಳಗೆ ಬಾಕಿ ಇದೆ ಎಂದು ಅವರ ಸಹಿಯೊಂದಿಗೆ ಬರಹದಲ್ಲಿ ಪಡೆದುಕೊಳ್ಳಿ, ಆ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ" ಎಂದರು ವಕೀಲರು. ಅವಧಿ ಮುಗಿದ ಮೇಲೆ ಪಡೆದ ಬರೀ ಒಪ್ಪಿಗೆಗೆ ಆ ಬಲ ಇಲ್ಲ. ಆಗ ಕೊಡುತ್ತೇವೆ ಎಂಬ ಸ್ಪಷ್ಟ ವಾಗ್ದಾನವನ್ನೇ ಬರೆದು ಸಹಿ ಹಾಕಿಸಿಕೊಳ್ಳಬೇಕು. 2016, 2017ರ ನಮ್ಮ ಸಣ್ಣ ಬಾಕಿಗಳ ಸ್ಥಿತಿ ಅದೇ. ಅವಧಿ ಮೀರಿದರೆ ನ್ಯಾಯಾಲಯದ ದಾರಿ ಮುಚ್ಚುತ್ತದೆ, ಋಣ ಅಳಿಯುವುದಿಲ್ಲ. ಕೇಳಬಹುದು, ಅವರು ಕೊಟ್ಟರೆ ತೆಗೆದುಕೊಳ್ಳಬಹುದು.

ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ಬದಲಾಗಿದ್ದರು. ಹೊಸ ಅಕ್ಕೋರು ನಗದು ಪುಸ್ತಕ ತರಿಸಿದರು. 2020ರ ಮಾರ್ಚ್ ಪುಟದಲ್ಲಿ ಅಪ್ಪನ ಹೆಸರಿಗೆ 23,400 ಖರ್ಚು ಬಿದ್ದಿತ್ತು. "ಕೊಟ್ಟಾಗಿದೆಯಲ್ಲ ತಂಗೀ" ಎಂದರು. ನಾನು ವಾದಿಸಲಿಲ್ಲ. ಚೆಕ್ಕನ್ನು ಮೇಜಿನ ಮೇಲಿಟ್ಟು, ಇದರ ಸಂಖ್ಯೆ ನಿಮ್ಮ ಬ್ಯಾಂಕಿನ ಲೆಕ್ಕಪಟ್ಟಿಯಲ್ಲಿ ಇದೆಯೇ ನೋಡಿ ಎಂದೆ. ನಗದು ಪುಸ್ತಕ ಹೇಳುವುದು ಚೆಕ್ ಬರೆದ ದಿನವನ್ನು. ಹಣ ಹೋದ ದಿನವನ್ನು ಹೇಳುವುದು ಬ್ಯಾಂಕು. ಗುಮಾಸ್ತರು ಎರಡು ವರ್ಷದ ಪುಟಗಳನ್ನು ಬೆರಳಿಟ್ಟು ನೋಡಿದರು. ಸಂಖ್ಯೆ ಎಲ್ಲಿಯೂ ಇರಲಿಲ್ಲ. ಅಷ್ಟೇ ಅಲ್ಲ, ಮುಂದಿನ ವರ್ಷದ ಲೆಕ್ಕ ತಪಾಸಣೆಯಲ್ಲಿ ಹಾಜರಾಗದ ಚೆಕ್ಕೆಂದು ಅದನ್ನು ವಾಪಸು ಜಮೆ ಮಾಡಿಕೊಂಡ ನಮೂದು ಅವರದೇ ಪುಸ್ತಕದಲ್ಲಿ ಸಿಕ್ಕಿತು. ಅಕ್ಕೋರು ಬಹಳ ನೊಂದುಕೊಂಡರು. ಅದೇ ದಿನ, ಫೆಬ್ರವರಿ 2ರಂದು, ಮೊತ್ತ ಬಾಕಿ ಇದೆಯೆಂದು ಶಾಲೆಯ ಕಾಗದದಲ್ಲಿ ಬರೆದು ಸಹಿ, ಮೊಹರು ಹಾಕಿಕೊಟ್ಟರು. ಸಮಿತಿಯ ಸಭೆ ಜಾತ್ರೆಯ ಗಡಿಬಿಡಿಯಲ್ಲಿ ಮುಂದೆ ಹೋಯಿತು. ಏಪ್ರಿಲ್ ಮೊದಲ ವಾರ ಹಳೆಯ ಚೆಕ್ ಹಿಂದಿರುಗಿಸಿ ಹೊಸದು ತಂದೆ. ಅದು ಅಪ್ಪನ ಕೈ ಸೇರುವ ಮೊದಲೇ ಬ್ಯಾಂಕಿಗೆ ಹಾಕಿದೆ.

ಉಳಿದ 45ರಲ್ಲಿ ಫೋನಿನಲ್ಲೇ ಬಗೆಹರಿದವು ಹೆಚ್ಚು. "ಬಾಕಿ" ಎಂಬ ಮಾತಿನಿಂದ ನಾನು ಶುರುಮಾಡಲಿಲ್ಲ. ಬಿಲ್ಲಿನ ಫೋಟೋ ಕಳಿಸಿ, "2019ರ ಚೌತಿಗೆ ಹೊಲಿಸಿದ ನೀಲಿ ಗೆರೆಯ ಅಂಗಿ" ಎಂದರೆ ಜನರಿಗೆ ತಾವೇ ನೆನಪಾಗುತ್ತದೆ. ಸಂಖ್ಯೆ ಮರೆತವರು ಬಟ್ಟೆ ಮರೆತಿರಲಿಲ್ಲ. ಒಬ್ಬರು, ಮಗನ ಮೊಬೈಲಿನಿಂದ ಅಂದೇ ಕಳಿಸಿದ್ದೇನೆ ಎಂದರು. ಲೆಕ್ಕಪಟ್ಟಿಯಲ್ಲಿ ಮತ್ತೆ ನೋಡಿದೆ, ಬೇರೆ ಹೆಸರಿನಲ್ಲಿ ಬಂದಿತ್ತು. ತಪ್ಪು ನನ್ನದು, ಕ್ಷಮೆ ಕೇಳಿದೆ. ಹತ್ತಾರು ಜನರ ಫೋನು ಸಂಖ್ಯೆಯೇ ಬದಲಾಗಿದೆ. ಅವು ಹಾಗೇ ಇವೆ.

ಒಯ್ಯಲು ಬಾರದ 58 ಬಟ್ಟೆಗಳ ಟ್ರಂಕನ್ನು ತೆರೆದದ್ದು ಎಲ್ಲಕ್ಕಿಂತ ಕೊನೆಗೆ. ಮೇ ತಿಂಗಳಲ್ಲಿ ಹುಲೇಕಲ್ ಕಡೆಯ ಒಬ್ಬರು ಅಕ್ಕ ಫೋನಿಗೆ ಓಗೊಟ್ಟು ಬಂದರು. 2020ರ ಏಪ್ರಿಲ್‌ನಲ್ಲಿ ನಡೆಯಬೇಕಿದ್ದ ತಮ್ಮನ ಮದುವೆಗೆಂದು ಹೊಲಿಸಿದ ಹಸಿರು ರೇಷ್ಮೆ ರವಿಕೆ ಅವರದು. ಮದುವೆ ಮನೆಯೊಳಗೇ ಆಗಿಹೋಗಿತ್ತು, ಶಿರಸಿಗೆ ಬರುವ ದಾರಿಯೇ ಇರಲಿಲ್ಲ. ಬಿಲ್ಲಿಗೆ ಚುಚ್ಚಿದ್ದ ತುಂಡನ್ನೂ ರವಿಕೆಯನ್ನೂ ಅಕ್ಕಪಕ್ಕ ಹಿಡಿದರೆ ನಾಲ್ಕು ವರ್ಷದ ಮೇಲೂ ಬಣ್ಣ ಒಂದೇ. ಒಳಗೆ ಹೋಗಿ ಹಾಕಿ ನೋಡಿ ಬಂದರು. "ಈಗ ಇದು ನನಗೆ ಹತ್ತುವುದಿಲ್ಲ ಮಾಸ್ತರೇ" ಎಂದು ಮುಖ ಸಣ್ಣ ಮಾಡಿದರು.

ಅಪ್ಪ ರವಿಕೆಯನ್ನು ಒಳಮೈ ಹೊರಗೆ ಮಾಡಿ ಪಕ್ಕದ ಹೊಲಿಗೆಯನ್ನು ಬೆಳಕಿಗೆ ಹಿಡಿದರು. ಎರಡೂ ಕಡೆ ಒಂದೊಂದು ಇಂಚು ಬಟ್ಟೆ ಮಡಿಕೆಯೊಳಗೆ ಕುಳಿತಿತ್ತು. ಬ್ಲೇಡಿನ ತುದಿಯಿಂದ ದಾರ ಬಿಡಿಸಿ, ಹಳೆಯ ಗೆರೆಯ ಹೊರಗೆ ಸೀಮೆಸುಣ್ಣದ ಗೆರೆ ಹಾಕಿ, ಎರಡು ಪಕ್ಕ ಹೊಲಿದು, ತೋಳಿನ ಸುತ್ತು ಸರಿಮಾಡಿ ಹತ್ತು ನಿಮಿಷದಲ್ಲಿ ಕೊಟ್ಟರು. ಈ ಸಲ ಹತ್ತಿತು. ಆ ಅಕ್ಕ ಬಾಕಿಯ 180 ಕೊಟ್ಟು, ಸಡಿಲು ಮಾಡಿದ್ದಕ್ಕೆ ಎಷ್ಟು ಎಂದು ಕೇಳಿದರು.

"ಆ ಅಂಚು ಅವತ್ತೇ ಬಿಟ್ಟಿದ್ದೆ" ಎಂದರು ಅಪ್ಪ. "ಅದರ ಕೂಲಿ ಈ ಬಿಲ್ಲಿನಲ್ಲೇ ಇದೆ."

ಆಮೇಲೆ ಹಳೆಯ ಕಾರ್ಬನ್ ಹಾಳೆಯ ಮೇಲೆ ಓರೆಗೆರೆ ಎಳೆದು, ಪಕ್ಕದಲ್ಲಿ "ಬಂ" ಎಂದು ಬರೆದು, ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. "ಈಗ ನೀನು ಬರೆದುಕೋ."